ಬಿಲ್ಡರ್‌ಗೆ ದೋಷಗಳ ಪತ್ರ: ತಾರೀಕು ಸಹಿತ ಪಟ್ಟಿ ತಯಾರಿಸುವ ಬಗೆ

2024ರ ಫೆಬ್ರವರಿ 14ರಂದು ಕಾರವಾರದಲ್ಲಿ ನಮ್ಮ ಫ್ಲ್ಯಾಟ್‌ನ ಕೀಲಿ ಕೈಗೆ ಬಂತು. ನಾಲ್ಕನೇ ಮಹಡಿ, ಹಾಲ್‌ನ ಕಿಟಕಿ ಪಶ್ಚಿಮಕ್ಕೆ, ಕಡಲಿಗೆ ಮುಖ ಮಾಡಿದೆ. ಆ ದಿನ ಗೋಡೆಗಳೆಲ್ಲ ಒಣಗಿ ಬೆಳ್ಳಗಿದ್ದವು. ಜೂನ್ ಎರಡನೇ ವಾರದ ಹೊತ್ತಿಗೆ ಕಿಟಕಿಯ ಕೆಳಗೆ ಅಂಗೈಯಗಲದ ಕಪ್ಪು ತೇವ ಮೂಡಿತು. ಜುಲೈಯಲ್ಲಿ ಅದು ಸ್ವಿಚ್ ಬೋರ್ಡ್‌ನತ್ತ ಹರಡತೊಡಗಿತು. ಅಷ್ಟರಲ್ಲಿ ನಾನು ಬಿಲ್ಡರ್‌ಗೆ ಹತ್ತಾರು ಸಲ ಫೋನ್ ಮಾಡಿದ್ದೆ. ಪ್ರತಿ ಸಲವೂ ‘ಜನ ಕಳಿಸುತ್ತೇನೆ’ ಎಂಬ ಉತ್ತರ ಬರುತ್ತಿತ್ತು. ಯಾವ ದಿನ ಏನು ಹೇಳಿದೆ, ಅವರು ಏನು ಒಪ್ಪಿದರು ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ.

ಆಗಸ್ಟ್ 5ರಂದು ಕಳಿಸಿದ ಪತ್ರ ಆ ಸ್ಥಿತಿಯನ್ನು ಬದಲಿಸಿತು. ಅದರಲ್ಲಿ ಕೋಪದ ಮಾತು ಒಂದೂ ಇರಲಿಲ್ಲ. ಅರ್ಧ ಪುಟದ ಬರಹ, ಅದರ ಕೆಳಗೆ ಐದು ಸಾಲುಗಳ ಒಂದು ಪಟ್ಟಿ. ಕೆಲಸ ಮಾಡಿದ್ದು ಪಟ್ಟಿ, ಅದರಲ್ಲೂ ತಾರೀಕಿನ ಕಾಲಂಗಳು. ಅದನ್ನು ತಯಾರಿಸಿದ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ತಾರೀಕು ಏಕೆ ಬೇಕು

2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯನ್ನು ಎಲ್ಲರೂ ರೇರಾ ಎನ್ನುತ್ತಾರೆ. ಅದರ ಸೆಕ್ಷನ್ 14ರ ಉಪಸೆಕ್ಷನ್ 3 ನಮಗೆ ಬೇಕಾದದ್ದು. ಫ್ಲ್ಯಾಟ್ ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದಲ್ಲಾಗಲಿ, ಗುಣಮಟ್ಟದಲ್ಲಾಗಲಿ ಕಂಡ ದೋಷವನ್ನು ಕೊಂಡವರು ಬಿಲ್ಡರ್‌ನ ಗಮನಕ್ಕೆ ತಂದರೆ, ಅವರು 30 ದಿನಗಳಲ್ಲಿ ಹಣ ಕೇಳದೆ ಸರಿಪಡಿಸಬೇಕು. ಸರಿಪಡಿಸದಿದ್ದರೆ ಪರಿಹಾರ ಪಡೆಯುವ ಹಕ್ಕು ಕೊಂಡವರಿಗೆ ಇದೆ.

ಇಲ್ಲಿ ಎರಡು ಲೆಕ್ಕಗಳಿವೆ. ಐದು ವರ್ಷಗಳ ಲೆಕ್ಕ ಸ್ವಾಧೀನದ ದಿನದಿಂದ ಹೊರಡುತ್ತದೆ, ಅದು ಇಡೀ ಫ್ಲ್ಯಾಟ್‌ಗೆ ಒಂದೇ. 30 ದಿನಗಳ ಲೆಕ್ಕ ಗಮನಕ್ಕೆ ತಂದ ದಿನದಿಂದ ಹೊರಡುತ್ತದೆ, ಅದು ಒಂದೊಂದು ದೋಷಕ್ಕೂ ಬೇರೆ ಬೇರೆ. ಮಾರ್ಚ್‌ನಲ್ಲಿ ಇಮೇಲ್ ಮಾಡಿದ ಟೈಲ್ಸ್‌ಗೆ ಗಡುವು ಏಪ್ರಿಲ್‌ನಲ್ಲೇ ಮುಗಿದಿರುತ್ತದೆ. ನಿನ್ನೆ ಕಂಡ ಬಿರುಕಿಗೆ ಅದು ಇನ್ನೂ ಶುರುವಾಗಿರುವುದಿಲ್ಲ. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ‘ಹಲವು ದೋಷಗಳಿವೆ, ಬೇಗ ಸರಿಪಡಿಸಿ’ ಎಂದು ಬರೆದರೆ ಈಗಾಗಲೇ ಮೀರಿದ ಗಡುವನ್ನು ನಾವೇ ಮರೆತಂತೆ ಆಗುತ್ತದೆ.

ಈ ಕಾಯ್ದೆಗೆ ಒಂದು ಮಿತಿಯಿದೆ, ನಮ್ಮ ಜಿಲ್ಲೆಯಲ್ಲಿ ಅದು ಮುಖ್ಯ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಕಾರವಾರ, ಶಿರಸಿ, ಕುಮಟಾ ಕಡೆ ಅಂಥ ಸಣ್ಣ ಕಟ್ಟಡಗಳಿವೆ. ನಿಮ್ಮ ಯೋಜನೆಗೆ ನೋಂದಣಿ ಸಂಖ್ಯೆ ಇದೆಯೇ ಎಂದು rera.karnataka.gov.in ತಾಣದಲ್ಲಿ ಮೊದಲು ಹುಡುಕಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿ ಇದೆ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಅಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಒಳಗೆ ಹೋಗಬೇಕು. ಹಾಗಾಗಿ ಅಲ್ಲಿಯೂ ದೋಷ ಕಂಡ ದಿನ ಬರೆದಿಟ್ಟಿರಲೇಬೇಕು.

ಮನೆ ಸುತ್ತಿ ನೋಡುವುದು

ಬರೆಯಲು ಕೂರುವ ಮುನ್ನ ಒಂದು ಅಳತೆ ಟೇಪು, ಪೆನ್ಸಿಲ್, ಸೀಮೆಸುಣ್ಣ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ. ಮುಖ್ಯ ಬಾಗಿಲಿನಿಂದ ಹೊರಟು ಎಡಗಡೆಯಿಂದ ಸುತ್ತಿ ಬಂದರೆ ಯಾವ ಮೂಲೆಯೂ ತಪ್ಪುವುದಿಲ್ಲ.

ಗೋಡೆಯ ತೇವಕ್ಕೆ ಪೆನ್ಸಿಲ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ತೇವದ ಅಂಚಿನ ಉದ್ದಕ್ಕೂ ತೆಳುವಾಗಿ ಗೆರೆ ಎಳೆದು ಅದರ ಮೇಲೆ ಆ ದಿನದ ತಾರೀಕು ಬರೆಯಿರಿ. ಮತ್ತೊಂದು ಜೋರು ಮಳೆಯ ಬಳಿಕ ತೇವ ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಕು. ನಮ್ಮ ಹಾಲ್‌ನ ಗೋಡೆಯ ಮೇಲೆ ಜೂನ್ 9, ಜೂನ್ 17, ಜುಲೈ 3 ಎಂದು ಮೂರು ಗೆರೆಗಳು ಒಂದರ ಹೊರಗೆ ಒಂದು, ಮರದ ಕಾಂಡ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ ನಿಂತಿದ್ದವು. ಅಳತೆ ಟೇಪು ಹಿಡಿದು ತೆಗೆದ ಒಂದೇ ಒಂದು ಫೋಟೊ ಇಡೀ ಕಥೆ ಹೇಳಿತು.

ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಸ್ವಲ್ಪ ಪರೀಕ್ಷಿಸಿ, ಏಕೆಂದರೆ ಬಿಲ್ಡರ್ ಕಡೆಯವರು ಹೇಳುವ ಮೊದಲ ಮಾತು ‘ಮಳೆಗಾಲದಲ್ಲಿ ಕರಾವಳಿಯ ಎಲ್ಲ ಮನೆಗಳಲ್ಲೂ ಇಷ್ಟು ತಂಪು ಇರುತ್ತದೆ’ ಎಂಬುದೇ. ಅದು ಪೂರ್ತಿ ಸುಳ್ಳಲ್ಲ, ಜುಲೈಯ ಗಾಳಿಯೇ ಒದ್ದೆಯಾಗಿರುತ್ತದೆ. ಗೋಡೆಯ ಮೇಲೆ ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚುಗಳಿಗೆ ಗಟ್ಟಿಯಾಗಿ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಟ್ಟಿದರೆ ಕೋಣೆಯ ಗಾಳಿಯ ತೇವ ಅದು, ಅದನ್ನು ಪಟ್ಟಿಗೆ ಸೇರಿಸಬೇಡಿ. ಮಳೆ ಬಿಟ್ಟ ವಾರದಲ್ಲಿ ಕಲೆ ಕುಗ್ಗಿ, ಮಳೆ ಬಂದಾಗ ಬೆಳೆದರೆ ನೀರು ಹೊರಗಿನದು. ಮಳೆಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ಬಚ್ಚಲಿನ ಅಥವಾ ಅಡುಗೆಮನೆಯ ಪೈಪಿನ ಕಡೆ ನೋಡಬೇಕು.

ಟೈಲ್ಸ್‌ಗೆ ಒಂದು ನಾಣ್ಯ ಸಾಕು. ಸರಿಯಾಗಿ ಕೂತ ಟೈಲ್ ಗಟ್ಟಿಯಾದ ಸದ್ದು ಕೊಡುತ್ತದೆ, ಅಡಿಯಲ್ಲಿ ಸಿಮೆಂಟ್ ತುಂಬದೇ ಇದ್ದದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಪೊಳ್ಳಾದವುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿ. ಬಚ್ಚಲಿನ ನೆಲಕ್ಕೆ ಎರಡು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು, ಎಲ್ಲಿ ನಿಂತಿದೆ, ಎಷ್ಟು ಆಳ ಎಂದು ಸ್ಕೇಲ್ ಇಟ್ಟು ನೋಡಿ.

ಕಂಡದ್ದನ್ನು ಬರೆಯಿರಿ, ಕಾರಣವನ್ನಲ್ಲ

ನನ್ನ ಮೊದಲ ಕರಡಿನಲ್ಲಿ ‘ವಾಟರ್‌ಪ್ರೂಫಿಂಗ್ ಮಾಡಿಲ್ಲ, ಕಳಪೆ ಸಿಮೆಂಟ್ ಬಳಸಿದ್ದಾರೆ’ ಎಂದು ಬರೆದಿದ್ದೆ. ಎಂಜಿನಿಯರ್ ಆಗಿರುವ ಸ್ನೇಹಿತರೊಬ್ಬರು ಅದನ್ನು ಓದಿ ಎರಡೂ ವಾಕ್ಯಗಳನ್ನು ಹೊಡೆದುಹಾಕಿದರು. ವಾಟರ್‌ಪ್ರೂಫಿಂಗ್ ಮಾಡಿದ ಬಿಲ್ಲನ್ನು ಬಿಲ್ಡರ್ ತೋರಿಸಿದರೆ ನಿಮ್ಮ ದೂರು ಅಲ್ಲಿಗೇ ಬಿದ್ದುಹೋಗುತ್ತದೆ, ಗೋಡೆ ಮಾತ್ರ ಒದ್ದೆಯಾಗಿಯೇ ಇರುತ್ತದೆ ಎಂದರು. ‘ಮಳೆ ಬಂದಾಗ ಕಿಟಕಿಯ ಕೆಳಗಿನ ಗೋಡೆ ಒದ್ದೆಯಾಗುತ್ತದೆ, 110 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರ’ ಎಂದು ಬರೆದರೆ ಯಾರೂ ಅಲ್ಲಗಳೆಯಲಾರರು. ಕಾರಣ ಹುಡುಕುವುದು ಅವರ ಹೊಣೆ.

ಬಾಲ್ಕನಿಯ ಮೇಲಿನ ಕಂದು ಕಲೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕಾಯಿತು. ಕಡಲಂಚಿನಲ್ಲಿ ಉಪ್ಪು ಹೊತ್ತ ಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದ ಸೀಳುತ್ತದೆ. ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ತೆಳುವಾದಷ್ಟೂ ಇದು ಬೇಗ. ಆದರೆ ಸ್ಲ್ಯಾಬ್ ಹಾಕುವಾಗ ಉಳಿದ ಬೈಂಡಿಂಗ್ ತಂತಿಯ ಚೂರೋ ಮೊಳೆಯೋ ಕೂಡ ಇಂಥದೇ ಕಲೆ ಮೂಡಿಸುತ್ತದೆ, ಅದರಿಂದ ಕಟ್ಟಡಕ್ಕೆ ಅಪಾಯವಿಲ್ಲ. ಚುಕ್ಕೆಯಾಗಿ ಒಂದೇ ಕಡೆ ಇದ್ದರೆ ತಂತಿಯ ಚೂರು ಇರಬಹುದು. ನೇರ ಗೆರೆಯಾಗಿ, ಜೊತೆಗೆ ಬಿರುಕೂ ಇದ್ದರೆ ಸರಳಿನ ಸಂಶಯ ಬರಬೇಕು. ನಮ್ಮದು ಗೆರೆಯಾಗಿತ್ತು. ಆದರೂ ಪಟ್ಟಿಯಲ್ಲಿ ‘ಸರಳಿಗೆ ತುಕ್ಕು’ ಎಂದು ಬರೆಯಲಿಲ್ಲ. ಕಂಡ ಗೆರೆಯ ಉದ್ದ ಬರೆದು, ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನು ಕೆತ್ತಿ ನೋಡಿ ಲಿಖಿತ ವರದಿ ಕೊಡಬೇಕು ಎಂದು ಪತ್ರದಲ್ಲಿ ಕೇಳಿದೆ.

ಪಟ್ಟಿ

ಒಂದು ಸಾಲಿಗೆ ಒಂದೇ ದೋಷ. ‘ಬಚ್ಚಲಿನಲ್ಲಿ ನೀರು ನಿಲ್ಲುತ್ತದೆ, ನಲ್ಲಿಯೂ ಸೋರುತ್ತದೆ’ ಎಂದು ಕೂಡಿಸಿ ಬರೆದರೆ ನಲ್ಲಿ ಬದಲಿಸಿದ ದಿನ ಅವರು ಇಡೀ ಸಾಲಿಗೆ ‘ಆಯಿತು’ ಎಂದು ಗುರುತು ಹಾಕುತ್ತಾರೆ. ನಾನು ಕಳಿಸಿದ ಪಟ್ಟಿ ಹೀಗಿತ್ತು:

| ಸಂ. | ಜಾಗ ಮತ್ತು ದೋಷ | ಕಂಡ ದಿನ | ತಿಳಿಸಿದ ದಿನ, ವಿಧಾನ | ನಿಮ್ಮ ಕಡೆಯಿಂದ ಆದದ್ದು | 05-08-2024ರ ಸ್ಥಿತಿ |
|---|---|---|---|---|---|
| 1 | ಹಾಲ್, ಪಶ್ಚಿಮ ಕಿಟಕಿಯ ಕೆಳಗಿನ ಗೋಡೆ: ಮಳೆ ಬಂದಾಗ ಒದ್ದೆ, 110 × 70 ಸೆಂ.ಮೀ. (ಫೋಟೊ 1–3) | 09-06-2024 | 10-06-2024, ವಾಟ್ಸ್ಆ್ಯಪ್ | 22-06-2024: ಹೊರಗಿನಿಂದ ಸಿಲಿಕಾನ್ ಬಳಿದರು | 03-07-2024ರಿಂದ ಮತ್ತೆ ಒದ್ದೆ. ಬಾಕಿ |
| 2 | ಬಚ್ಚಲು: ನೀರು ಜಾಲರಿಯತ್ತ ಹರಿಯದೆ ಎಡ ಮೂಲೆಯಲ್ಲಿ 8 ಮಿ.ಮೀ. ನಿಲ್ಲುತ್ತದೆ (ಫೋಟೊ 4) | 18-02-2024 | 20-02-2024, ಬಾಯಿಮಾತು. 04-03-2024, ಇಮೇಲ್ | ಉತ್ತರವಿಲ್ಲ | ಬಾಕಿ |
| 3 | ಬಾಲ್ಕನಿ, ಮೇಲಿನ ಸ್ಲ್ಯಾಬ್‌ನ ಅಡಿ: 40 ಸೆಂ.ಮೀ. ಉದ್ದದ ಕಂದು ಗೆರೆ, ಜೊತೆಗೆ ಬಿರುಕು (ಫೋಟೊ 5) | 21-07-2024 | ಈ ಪತ್ರದ ಮೂಲಕ | – | ಹೊಸದು |
| 4 | ಅಡುಗೆಮನೆ, ಸಿಂಕ್ ಮುಂದಿನ ಎರಡು ಸಾಲು: 7 ಟೈಲ್ಸ್ ಪೊಳ್ಳು, ಒಂದು ಅಲುಗುತ್ತದೆ (ಫೋಟೊ 6) | 02-03-2024 | 04-03-2024, ಇಮೇಲ್ | 06-03-2024: ಏಪ್ರಿಲ್‌ನಲ್ಲಿ ಬದಲಿಸುವುದಾಗಿ ಇಮೇಲ್ | ಬಾಕಿ |
| 5 | ಮಲಗುವ ಕೋಣೆ: ಕಿಟಕಿಯ ಚಿಲಕ ಕೂರುವುದಿಲ್ಲ | 18-02-2024 | 04-03-2024, ಇಮೇಲ್ | 22-06-2024: ಬದಲಿಸಿದರು | ಮುಗಿದಿದೆ |

ಐದನೇ ಸಾಲು ಮುಗಿದಿದ್ದರೂ ಅಳಿಸಲಿಲ್ಲ. ಆದ ಕೆಲಸವನ್ನು ಒಪ್ಪಿಕೊಂಡ ಪಟ್ಟಿಯನ್ನು ಓದುವವರು ಉಳಿದ ಸಾಲುಗಳನ್ನೂ ನಂಬುತ್ತಾರೆ. ಇನ್ನೊಂದು ಕಾರಣ, ಸಾಲಿನ ಸಂಖ್ಯೆ ಎಂದಿಗೂ ಬದಲಾಗಬಾರದು. ಅಕ್ಟೋಬರ್‌ನ ಪತ್ರದಲ್ಲೂ ಸಂಖ್ಯೆ 3 ಎಂದರೆ ಬಾಲ್ಕನಿಯ ಗೆರೆಯೇ ಆಗಿರಬೇಕು. ಹೊಸ ದೋಷ ಕಂಡರೆ ಅದು 6.

ಎರಡನೇ ಸಾಲಿನಲ್ಲಿ ಬಾಯಿಮಾತನ್ನೂ ಇಮೇಲನ್ನೂ ಬೇರೆ ಬೇರೆ ಬರೆದಿದ್ದೇನೆ. ಬಾಯಿಮಾತಿಗೆ ಸಾಕ್ಷಿಯಿಲ್ಲ, ಆದ್ದರಿಂದ ಗಡುವನ್ನು ಇಮೇಲಿನ ದಿನದಿಂದಲೇ ಲೆಕ್ಕ ಹಾಕಿದೆ. ನೆನಪಿಲ್ಲದ ತಾರೀಕನ್ನು ಅಂದಾಜಿನಲ್ಲಿ ಬರೆಯಬೇಡಿ. ‘ಜೂನ್ ಮೊದಲ ವಾರ’ ಎಂದು ಬರೆದರೆ ತಪ್ಪೇನಿಲ್ಲ. ಒಂದು ತಾರೀಕು ಸುಳ್ಳೆಂದು ತೋರಿಬಂದರೆ ಉಳಿದವೂ ಸಂಶಯಕ್ಕೆ ಬೀಳುತ್ತವೆ. ಮೊಬೈಲ್‌ನಲ್ಲಿರುವ ಫೋಟೊದ ವಿವರ ನೋಡಿದರೆ ತೆಗೆದ ದಿನ ಸಿಗುತ್ತದೆ, ನನಗೆ ಎರಡು ತಾರೀಕುಗಳು ಸಿಕ್ಕಿದ್ದು ಹಾಗೆಯೇ.

ನೀವೇ ಮಾಡಿಸಿದ ಕೆಲಸ ದೋಷದ ಹತ್ತಿರ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಮ್ಮ ಹಾಲ್‌ನ ಕಿಟಕಿಗೆ ಜೂನ್ 28ರಂದು ಗ್ರಿಲ್ ಹಾಕಿಸಿದ್ದೆವು. ಗ್ರಿಲ್‌ಗೆ ಕೊರೆದ ತೂತುಗಳಿಂದ ನೀರು ಇಳಿಯುತ್ತಿದೆ ಎಂಬ ವಾದ ಬರುವುದು ಖಚಿತವಾಗಿತ್ತು. ಗೋಡೆ ಒದ್ದೆಯಾದದ್ದು ಅದಕ್ಕೂ 19 ದಿನ ಮೊದಲು ಎಂದು ಪತ್ರದಲ್ಲಿ ನಾನೇ ಬರೆದುಬಿಟ್ಟೆ.

ಲಿಫ್ಟ್, ತಾರಸಿ, ಮೆಟ್ಟಿಲು ಈ ಪಟ್ಟಿಗೆ ಬೇಡ. ಅವು ಎಲ್ಲರವು, ಸಂಘದ ಹೆಸರಿನಲ್ಲಿ ಬೇರೆ ಪತ್ರ ಹೋಗಲಿ.

ಪತ್ರದ ಮೈ

ಪಟ್ಟಿ ಸಿದ್ಧವಾದ ಮೇಲೆ ಪತ್ರದಲ್ಲಿ ಹೇಳಬೇಕಾದದ್ದು ಸ್ವಲ್ಪವೇ ಉಳಿಯುತ್ತದೆ. ವಿಳಾಸಕ್ಕೆ ಕ್ರಯಪತ್ರದಲ್ಲಿರುವ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಬಳಸಿ. ಕಟ್ಟಡದ ಫಲಕದ ಮೇಲಿನ ಹೆಸರು ಬೇರೆ ಇರಬಹುದು. ನನ್ನ ಪತ್ರದ ಮುಖ್ಯ ಭಾಗ ಇದು:

> ವಿಷಯ: ಫ್ಲ್ಯಾಟ್ ಸಂಖ್ಯೆ ____ ರಲ್ಲಿ ಬಾಕಿ ಉಳಿದ ದೋಷಗಳನ್ನು ಸರಿಪಡಿಸುವ ಕುರಿತು
>
> ಮಾನ್ಯರೇ,
>
> ಮೇಲ್ಕಂಡ ಫ್ಲ್ಯಾಟನ್ನು ತಾವು 14-02-2024ರಂದು ನನ್ನ ಸ್ವಾಧೀನಕ್ಕೆ ಕೊಟ್ಟಿದ್ದೀರಿ. ಆ ಬಳಿಕ ಕಂಡ ದೋಷಗಳನ್ನು ಈ ಕೆಳಗಿನ ಪಟ್ಟಿಯಲ್ಲಿ ತಾರೀಕು ಸಹಿತ ಕೊಟ್ಟಿದ್ದೇನೆ. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಸೆಕ್ಷನ್ 14(3)ರ ಪ್ರಕಾರ ಇವುಗಳನ್ನು ತಿಳಿಸಿದ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕಾಗಿದೆ.
>
> ಸಂಖ್ಯೆ 2 ಮತ್ತು 4ರ ಅವಧಿ 03-04-2024ಕ್ಕೆ, ಸಂಖ್ಯೆ 1ರ ಅವಧಿ 10-07-2024ಕ್ಕೆ ಮುಗಿದಿದೆ. ಸಂಖ್ಯೆ 3ರ ಅವಧಿ ಈ ಪತ್ರ ತಮಗೆ ತಲುಪಿದ ದಿನದಿಂದ ಆರಂಭವಾಗುತ್ತದೆ.
>
> ಸಂಖ್ಯೆ 1ರ ಹೊರಗಿನ ಕೆಲಸವನ್ನು ಮಳೆಯಲ್ಲಿ ಮಾಡಲಾಗದು ಎಂಬುದನ್ನು ಬಲ್ಲೆ. ತಾತ್ಕಾಲಿಕ ತಡೆಯನ್ನು ಕೂಡಲೇ ಮಾಡಿ, ಶಾಶ್ವತ ಕೆಲಸವನ್ನು 30-11-2024ರೊಳಗೆ ಮುಗಿಸುವುದಾಗಿ ಲಿಖಿತವಾಗಿ ತಿಳಿಸಬೇಕು. ಇದರಿಂದ ಕಾಯ್ದೆಯಡಿ ನನಗಿರುವ ಯಾವ ಹಕ್ಕನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ.
>
> ಜಂಟಿ ಪರಿಶೀಲನೆಗೆ ಯಾವ ದಿನ ಬರುವಿರಿ ಎಂಬುದನ್ನು ಏಳು ದಿನಗಳೊಳಗೆ ತಿಳಿಸಿ.

ಮಳೆಯ ಮಾತನ್ನು ನಾವೇ ಬರೆದದ್ದಕ್ಕೆ ಕಾರಣವಿದೆ. ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಪಶ್ಚಿಮದ ಗೋಡೆಗೆ ಬಡಿಯುವಾಗ ನಾಲ್ಕನೇ ಮಹಡಿಯ ಹೊರಗೆ ಅಟ್ಟಣಿಗೆ ಕಟ್ಟಲಾಗುವುದಿಲ್ಲ. ಒದ್ದೆ ಗೋಡೆಯ ಮೇಲೆ ಗಿಲಾವಾಗಲಿ ಬಣ್ಣವಾಗಲಿ ನಿಲ್ಲುವುದಿಲ್ಲ. ಹಠ ಹಿಡಿದು 30 ದಿನಗಳಲ್ಲೇ ಮಾಡಿಸಿಕೊಂಡರೆ ಸಿಗುವುದು ಮತ್ತೊಂದು ಪದರ ಸಿಲಿಕಾನ್. ಆದರೆ ಬಚ್ಚಲಿನ ಇಳಿಜಾರಿಗೂ ಅಡುಗೆಮನೆಯ ಟೈಲ್ಸ್‌ಗೂ ಮಳೆ ಅಡ್ಡಿಯಲ್ಲ. ಅವಕ್ಕೆ ಈ ವಿನಾಯಿತಿ ಕೊಡಬೇಡಿ.

ಕಳಿಸುವುದು

ಪತ್ರ, ಪಟ್ಟಿ, ಸಂಖ್ಯೆ ಹಾಕಿದ ಫೋಟೊಗಳನ್ನು ಒಂದೇ ಪಿಡಿಎಫ್ ಮಾಡಿ ಇಮೇಲ್ ಕಳಿಸಿ, ಅದೇ ದಿನ ಅಂಚೆಗೂ ಹಾಕಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರಿಂದ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಜೊತೆಗೆ ನೋಂದಣಿಯನ್ನೂ ತಲುಪಿದ್ದಕ್ಕೆ ದಾಖಲೆಯನ್ನೂ ಕೇಳಿ ಪಡೆಯಿರಿ. ನಮ್ಮ ಪತ್ರ ಆಗಸ್ಟ್ 7ರಂದು ತಲುಪಿತು. ಅಲ್ಲಿಂದ 30 ದಿನ ಎಂದರೆ ಸೆಪ್ಟೆಂಬರ್ 6. ಮರುದಿನವೇ ಚೌತಿ. ಚೌತಿಗೆ ಒಂದು ವಾರ ಮೊದಲೇ ಕೆಲಸದವರು ಊರು ಸೇರುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಗಸ್ಟ್ 19ರಂದು ಸೂಪರ್‌ವೈಸರ್ ಬಂದು ನೋಡಿ, ಹಬ್ಬಕ್ಕೆ ಮುಂಚೆ ಟೈಲ್ಸ್, ಹಬ್ಬದ ಬಳಿಕ ಬಚ್ಚಲು ಎಂದರು. ಅವರು ಹೋದ ಅರ್ಧ ಗಂಟೆಯಲ್ಲಿ ‘ಇಂದಿನ ಭೇಟಿಯಲ್ಲಿ ಒಪ್ಪಿಕೊಂಡದ್ದು ಹೀಗೆ’ ಎಂದು ಸಾಲಿನ ಸಂಖ್ಯೆ ಸಹಿತ ಇಮೇಲ್ ಕಳಿಸಿದೆ.

ಗಡುವು ದಾಟಿದರೆ ಅದೇ ಪಟ್ಟಿಗೆ ಹೊಸ ಸ್ಥಿತಿಯ ಕಾಲಂ ಒಂದನ್ನು ಸೇರಿಸಿ ಎರಡನೇ ಪತ್ರ ಕಳಿಸಿ, ಹಳೆಯ ಕಾಲಂ ತೆಗೆಯಬೇಡಿ. ಅದಕ್ಕೂ ಜಗ್ಗದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಅಲ್ಲಿ ಲಗತ್ತಿಸಲು ಈ ಪಟ್ಟಿಯೇ ಸಾಕಷ್ಟು ಸಿದ್ಧವಾಗಿರುತ್ತದೆ.

ಸಾಲು ಮುಚ್ಚುವುದು

ಕೆಲಸ ಮುಗಿದ ದಿನ ಬಿಲ್ಡರ್ ಕಡೆಯವರು ಒಂದು ಹಾಳೆ ಮುಂದಿಡುತ್ತಾರೆ: ‘ಎಲ್ಲ ದೋಷಗಳೂ ಸರಿಯಾಗಿವೆ, ಯಾವುದೇ ದೂರು ಇಲ್ಲ.’ ಅದಕ್ಕೆ ಹಾಗೆಯೇ ಸಹಿ ಹಾಕಬೇಡಿ. ಸಾಲಿನ ಸಂಖ್ಯೆ ಬರೆದು, ಆದದ್ದಕ್ಕೆ ಮಾತ್ರ ಸಹಿ ಮಾಡಿ. ಟೈಲ್ಸ್‌ಗೆ ಅಂದೇ ನಾಣ್ಯ ತಟ್ಟಿ ನೋಡಬಹುದು. ಬಚ್ಚಲಿಗೆ ಅಂದೇ ಎರಡು ಬಕೆಟ್ ಸುರಿಯಬಹುದು. ಕಿಟಕಿಯ ಗೋಡೆಗೆ ಹಾಗಲ್ಲ.

ಬಾಲ್ಕನಿಯ ಗೆರೆಯನ್ನು ಎಂಜಿನಿಯರ್ ಕೆತ್ತಿಸಿದಾಗ ಒಂದು ಸರಳು ತೀರ ಮೇಲ್ಮೈಗೆ ಬಂದಿರುವುದು ಕಂಡಿತು. ತುಕ್ಕು ಉಜ್ಜಿ ತೆಗೆದು, ಲೇಪ ಹಚ್ಚಿ, ದುರಸ್ತಿ ಗಾರೆಯಿಂದ ಹೊದಿಕೆ ದಪ್ಪ ಮಾಡಿದರು. ಅವರ ವರದಿಯ ತಾರೀಕು ಮೂರನೇ ಸಾಲಿಗೆ ಸೇರಿತು. ಹಾಲ್‌ನ ಕಿಟಕಿಯ ಕೆಲಸ ನವೆಂಬರ್ 21ರಂದು ಮುಗಿಯಿತು. ಚೌಕಟ್ಟಿನ ಸುತ್ತಲಿನ ಸಂದು ಬಿಡಿಸಿ ಮತ್ತೆ ತುಂಬಿ, ಹೊರಗಿನ ಹಾಸುಗಲ್ಲನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಅದರ ಅಡಿಯಲ್ಲಿ ನೀರು ಗೋಡೆಗೆ ತಾಗದೆ ಹನಿಯುವಂತೆ ಸಣ್ಣ ತೋಡು ಕೊರೆದರು. ಒಳಗಿನ ಗೋಡೆಗೆ ಬಣ್ಣ ಬಳಿಯುವ ಮುನ್ನ ಹಳೆಯ ಮೂರು ಗೆರೆಗಳಿದ್ದ ಜಾಗದ ಅಳತೆ ಬರೆದಿಟ್ಟುಕೊಂಡೆ. ಹಾಳೆಯ ಮೇಲೆ ಮೊದಲ ಸಾಲಿಗೆ ನಾನು ಬರೆದದ್ದು ಇಷ್ಟು: ‘ಕೆಲಸ 21-11-2024ರಂದು ಮುಗಿದಿದೆ. 2025ರ ಮಳೆಗಾಲದಲ್ಲಿ ಪರಿಶೀಲನೆಗೆ ಒಳಪಟ್ಟಿದೆ.’ ಸೂಪರ್‌ವೈಸರ್ ಎರಡು ಸಲ ಓದಿ, ಕೆಳಗೆ ತಮ್ಮ ಸಹಿ ಹಾಕಿದರು.

2025ರ ಜುಲೈಯ ಮಳೆ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಅದೇ ಜಾಗದಲ್ಲಿ ಅಂಟಿಸಿ ಎರಡು ದಿನ ಬಿಟ್ಟೆ. ಒಳಮೈ ಒಣಗಿತ್ತು. ಆಗಸ್ಟ್ 4ರಂದು ‘ಸಂಖ್ಯೆ 1, ಮುಗಿದಿದೆ’ ಎಂದು ಬಿಲ್ಡರ್‌ಗೆ ಇಮೇಲ್ ಕಳಿಸಿದೆ.